ಏಳರಿಂದ ಎಂಟಕ್ಕೆ: ಶ್ರೀನಿವಾಸಪುರ ತಾಲ್ಲೂಕಿನ ಹೆಣ್ಣುಮಕ್ಕಳು ಮತ್ತು ಲೆಕ್ಕಕ್ಕೆ ಸಿಗದ ಎರಡು ತಿಂಗಳು

ಶಿಕ್ಷಣ ಹಕ್ಕು ಕಾಯ್ದೆ (2009) ಎಂಟನೇ ತರಗತಿಯವರೆಗಿನ ಓದನ್ನು ಒಂದೇ ಘಟ್ಟವೆಂದು ಎಣಿಸುತ್ತದೆ. ಕರ್ನಾಟಕದಲ್ಲಾದರೆ ಅನೇಕ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿದು, ಎಂಟು ಪ್ರೌಢಶಾಲೆಗೆ ಸೇರುತ್ತದೆ. ಹಕ್ಕು ಇನ್ನೂ ಇರುವಾಗಲೇ ಊರು, ಮುಖ್ಯ ಶಿಕ್ಷಕರು, ಹಾಜರಿ ಪುಸ್ತಕ ಮೂರೂ ಬದಲಾಗುತ್ತವೆ. ಶ್ರೀನಿವಾಸಪುರದಲ್ಲಿ ಈ ಬದಲಾವಣೆಯ ಕಾಲಕ್ಕೇ ಮಾವಿನ ಸುಗ್ಗಿಯೂ ಬರುತ್ತದೆ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುತ್ತದೆ, ಮೇ ಕೊನೆಗೆ ತೆರೆಯುತ್ತದೆ. ಕೊಯ್ಲು ಜುಲೈವರೆಗೂ ನಡೆಯುತ್ತದೆ. ತಾಯಿ ತೋಟಕ್ಕೋ ಮಂಡಿಗೋ ಕೂಲಿಗೆ ಹೋದರೆ ಅಡುಗೆ, ತಮ್ಮ-ತಂಗಿಯರ ಪಾಲನೆ ದೊಡ್ಡ ಹುಡುಗಿಯದು. ಸುಗ್ಗಿ ಮುಗಿಯುವಷ್ಟರಲ್ಲಿ ಎಂಟನೆಯ ದಾಖಲಾತಿಯ ಗಡಿಬಿಡಿಯೂ ಮುಗಿದಿರುತ್ತದೆ.

ಹೀಗೆ ಮನೆಯಲ್ಲೇ ಉಳಿದವಳನ್ನು ಯಾವ ಶಾಲೆಯೂ ‘ಶಾಲೆ ಬಿಟ್ಟವಳು’ ಎಂದು ಬರೆಯುವುದಿಲ್ಲ. ಹಳೆಯ ಶಾಲೆಗೆ ಅವಳು ತೇರ್ಗಡೆಯಾಗಿ ಟಿ.ಸಿ. ಪಡೆದವಳು, ಹೊಸ ಶಾಲೆಯ ಪುಸ್ತಕದಲ್ಲಿ ಹೆಸರೇ ಹತ್ತಿಲ್ಲ. ಏಳು ಮುಗಿಸಿದ 30 ಹುಡುಗಿಯರಿದ್ದಾರೆಂದು ಇಟ್ಟುಕೊಳ್ಳೋಣ. ಜೂನ್‌ನಲ್ಲಿ 24 ಮಂದಿ ಹತ್ತಿರದ ಪ್ರೌಢಶಾಲೆಗೆ ಸೇರಿದರು. ಉಳಿದ ಆರರಲ್ಲಿ ಇಬ್ಬರು ವಸತಿ ಶಾಲೆಗೆ, ಒಬ್ಬಳು ಗಡಿಯಾಚೆ ಆಂಧ್ರದ ನೆಂಟರ ಊರಿನ ಶಾಲೆಗೆ ಹೋದರು, ಮೂವರು ಮನೆಯಲ್ಲಿದ್ದಾರೆ. ನಿಜವಾದ ನಷ್ಟ ಶೇ. 10. ಎರಡೂ ಶಾಲೆಗಳ ವರದಿಯಲ್ಲಿ ಅದು ಸೊನ್ನೆ.

ಆದ್ದರಿಂದ ಕ್ರಿಯಾಯೋಜನೆ ಜಾಗೃತಿ ಜಾಥಾದಿಂದಲ್ಲ, ಹೆಸರಿನ ಪಟ್ಟಿಯಿಂದ ಶುರುವಾಗಬೇಕು. ಮಾರ್ಚ್‌ನಲ್ಲೇ ಏಳನೆಯ ಪ್ರತಿ ಹುಡುಗಿ ಯಾವ ಪ್ರೌಢಶಾಲೆಗೆ ಹೋಗುವಳೆಂದು ಬರೆದುಕೊಂಡು, ಆ ಪಟ್ಟಿಯನ್ನೂ ಟಿ.ಸಿ.ಯನ್ನೂ ಮುಖ್ಯ ಶಿಕ್ಷಕರೇ ನೇರವಾಗಿ ಅಲ್ಲಿಗೆ ತಲುಪಿಸಬೇಕು. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವುದನ್ನು ಕಾಯ್ದೆಯ ಐದನೇ ಸೆಕ್ಷನ್ ಒಪ್ಪುವುದಿಲ್ಲ. ಜೂನ್ ಎರಡನೇ ವಾರ ಕ್ಲಸ್ಟರ್‌ನ ಸಿ.ಆರ್.ಪಿ. ಆ ಪಟ್ಟಿಯನ್ನೂ ಪ್ರೌಢಶಾಲೆಯ ದಾಖಲಾತಿ ಪಟ್ಟಿಯನ್ನೂ ಹೊಂದಿಸಿ ನೋಡಿ, ಉಳಿದ ಹೆಸರುಗಳ ಮನೆಗೆ ಹೋಗಬೇಕು. ಸೇರುವವರೆಗೂ ಹುಡುಗಿ ಹಳೆಯ ಶಾಲೆಯ ಹೊಣೆಯಲ್ಲೇ ಇರಬೇಕು. ನನ್ನ ದೃಷ್ಟಿಯಲ್ಲಿ ಯೋಜನೆಯ ಬೆನ್ನೆಲುಬು ಇದೇ. ರಾಜ್ಯದ ಸ್ಯಾಟ್ಸ್ ಸಂಖ್ಯೆ ಗಡಿ ದಾಟಿದವಳನ್ನು ಹಿಂಬಾಲಿಸದು. ಯುಡೈಸ್ ಪ್ಲಸ್‌ನ ‘ಡ್ರಾಪ್ ಬಾಕ್ಸ್’ ನೋಡಬೇಕಾಗುತ್ತದೆ. ಆದರೆ ಗಣಕದ ಪಟ್ಟಿ ಸರಿಯಾಗುವವರೆಗೆ ಕಾದರೆ ಸುಗ್ಗಿಯೇ ಮುಗಿಯುತ್ತದೆ.

ಪ್ರೌಢಶಾಲೆಯ ದೂರದ ಪ್ರಶ್ನೆ ಬೇರೆಯದು. 2006-07ರಲ್ಲಿ ಶುರುವಾಗಿದ್ದ ಎಂಟನೆಯವರ ಉಚಿತ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಜೂನ್ 2023ರ ‘ಶಕ್ತಿ’ ಯೋಜನೆಯಿಂದ ಟಿಕೆಟ್ ಖರ್ಚು ತಪ್ಪಿತು, ಬಸ್ಸಿನ ವೇಳೆ ಬದಲಾಗಲಿಲ್ಲ. ಪಟ್ಟಿಯಲ್ಲಿ ಊರಿನ ಹೆಸರೂ ಇದ್ದರೆ ಯಾವ ಮಾರ್ಗದಲ್ಲಿ ಎಷ್ಟು ಹುಡುಗಿಯರೆಂದು ಡಿಪೋದವರ ಮುಂದೆ ಇಡಬಹುದು.

ಶಾಲೆ ಬಿಟ್ಟು ಮರಳಿದವಳಿಗೆ ವಯಸ್ಸಿಗೆ ತಕ್ಕ ತರಗತಿ, ವಿಶೇಷ ತರಬೇತಿ, ಹದಿನಾಲ್ಕು ದಾಟಿದರೂ ಎಂಟು ಮುಗಿಸುವ ಹಕ್ಕು ನಾಲ್ಕನೇ ಸೆಕ್ಷನ್‌ನಲ್ಲಿದೆ. ಒಂಬತ್ತಕ್ಕೆ ಆ ರಕ್ಷಣೆ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡದಿರಲೆಂದು ಹಿಂದುಳಿದವರನ್ನು ಒಂಬತ್ತರಲ್ಲೇ ನಿಲ್ಲಿಸುವ ಒತ್ತಡ ಪ್ರೌಢಶಾಲೆಗಳ ಮೇಲಿದೆ. ತಡವಾಗಿ ಮರಳಿದವಳು ಮೊದಲು ಸಿಕ್ಕಿಬೀಳುವುದು ಅಲ್ಲೇ. ಹಾಗಾಗಿ ಪ್ರೌಢಶಾಲೆಯನ್ನು ಅಳೆಯುವಾಗ ಹತ್ತರಲ್ಲಿ ಎಷ್ಟು ಮಂದಿ ಪಾಸಾದರು ಎಂಬುದರ ಜೊತೆಗೆ, ಎಂಟಕ್ಕೆ ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕೂತರು ಎಂಬುದನ್ನೂ ಕೇಳಬೇಕು.