ಗದ್ದೆ ಬದುವಿನ ಮಿಡತೆ ಒಂದೇ ರಾತ್ರಿಯಲ್ಲಿ ದಂಡಾಗುತ್ತದೆಯೇ?

ಎಕ್ಕದ ಗಿಡಕ್ಕೆ ಮುತ್ತಿಕೊಂಡ ಮಿಡತೆಗಳ ಫೋಟೋ, ಕೆಳಗೆ 'ಲೋಕಸ್ಟ್ ದಾಳಿ, ಎಲ್ಲರಿಗೂ ತಿಳಿಸಿ' ಎಂಬ ಸಾಲು. 2020ರ ಮೇ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಇಂಥದ್ದೇ ಆತಂಕ ಹುಟ್ಟಿತ್ತು. ಪರಿಶೀಲಿಸಿದ ಕೃಷಿ ಅಧಿಕಾರಿಗಳು, ಅವು ಎಕ್ಕದ ಎಲೆ ತಿನ್ನುವ ಸ್ಥಳೀಯ ಮಿಡತೆಗಳು, ಮರುಭೂಮಿ ಮಿಡತೆಗಳಲ್ಲ ಎಂದರು. ವರದಹಳ್ಳಿಯ ಗದ್ದೆ ಬದುವಿನಲ್ಲೂ ಮಿಡತೆ ಇದ್ದೇ ಇರುತ್ತದೆ. ಹಾಗಾದರೆ ದಂಡು ಕಟ್ಟುವ ಮಿಡತೆ ಯಾವುದು?

ಒಂದೇ ಕೀಟ, ಎರಡು ರೂಪ

ಮರುಭೂಮಿ ಮಿಡತೆ ಸಾಮಾನ್ಯವಾಗಿ ಒಂಟಿ ಜೀವಿ. ಮರಿ ಹಸಿರಾಗಿರುತ್ತದೆ, ಬೆಳೆದದ್ದು ರಾತ್ರಿ ಹಾರುತ್ತದೆ, ತನ್ನ ಜಾತಿಯದ್ದನ್ನು ಕಂಡರೆ ದೂರ ಸರಿಯುತ್ತದೆ. ಗುಂಪಿನ ರೂಪದಲ್ಲಿ ಮರಿಗಳು ಹಳದಿ-ಕಪ್ಪು ಬಣ್ಣದವು. ರೆಕ್ಕೆ ಬಂದಾಗ ಗುಲಾಬಿ, ಬಲಿತಾಗ ಹಳದಿ. ಹಾರುವುದು ಹಗಲಲ್ಲಿ. ದಂಡು ಕಟ್ಟುವ ಮಿಡತೆಯ ಇಂಥ ಎರಡು ರೂಪಗಳು ಬೇರೆ ಬೇರೆ ಜಾತಿಯಲ್ಲ ಎಂದು 1921ರಲ್ಲಿ ವಿವರಿಸಿದವರು ಕೀಟತಜ್ಞ ಬೋರಿಸ್ ಉವರೊವ್.

ಬದಲಾವಣೆಯ ಗುಂಡಿ ಎಲ್ಲಿದೆ?

ಹಿಂಗಾಲಿನ ತೊಡೆಯಲ್ಲಿ! ಮಳೆ ಬಂದಾಗ ಸಂತತಿ ಹೆಚ್ಚುತ್ತದೆ. ಹಸಿರು ಒಣಗುತ್ತಾ ಬಂದಂತೆ ಉಳಿದ ಕೆಲವೇ ಗಿಡಗಳಿಗೆ ಎಲ್ಲವೂ ಬಂದು ಸೇರುತ್ತವೆ. ಒಂದಕ್ಕೊಂದು ತೊಡೆ ತಾಗುತ್ತಲೇ ಇದ್ದರೆ ನರಮಂಡಲದಲ್ಲಿ ಸೆರೊಟೋನಿನ್ ಏರುತ್ತದೆ. ಕೆಲವೇ ಗಂಟೆಗಳಲ್ಲಿ ದೂರ ಸರಿಯುತ್ತಿದ್ದ ಮಿಡತೆ ಹತ್ತಿರ ಬರತೊಡಗುತ್ತದೆ. ಇದನ್ನು ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಇತರ ಮಿಡತೆಗಳನ್ನು ನೋಡುವುದು, ಅವುಗಳ ವಾಸನೆ ಹಿಡಿಯುವುದು ಎರಡೂ ಸೇರಿದರೂ ಇದೇ ಪರಿಣಾಮ.

ಆದರೆ ಬದಲಾಗುವುದು ಮೊದಲು ನಡತೆ ಮಾತ್ರ. ಬಣ್ಣ, ಮೈಕಟ್ಟು ಬದಲಾಗಲು ಹೆಚ್ಚು ಕಾಲ ಬೇಕು. ಗುಂಪಿನಲ್ಲಿದ್ದ ತಾಯಿ ಇಟ್ಟ ಮೊಟ್ಟೆಯಿಂದ ಬರುವ ಮರಿಗಳೂ ಗುಂಪಿನ ಗುಣ ಹೊತ್ತೇ ಹುಟ್ಟುತ್ತವೆ. ಹಾಗಾಗಿ ದೊಡ್ಡ ದಂಡು ರಾತ್ರೋರಾತ್ರಿ ಆಗುವುದಿಲ್ಲ.

2020ರ ದಂಡು ಎಲ್ಲಿಂದ ಬಂತು?

2018ರ ಮೇನಲ್ಲಿ ಮೆಕುನು, ಅಕ್ಟೋಬರ್‌ನಲ್ಲಿ ಲುಬಾನ್ ಚಂಡಮಾರುತ ಅರೇಬಿಯಾದ ಮರಳುಗಾಡಿಗೆ ಮಳೆ ಸುರಿಸಿದವು. ಯಾರ ಕಣ್ಣಿಗೂ ಬೀಳದೆ ಅಲ್ಲಿ ಮೂರು ತಲೆಮಾರು ಬೆಳೆದವು. ಅಲ್ಲಿಂದ ಹರಡಿದ ಹಾವಳಿ ಇರಾನ್, ಪಾಕಿಸ್ತಾನ ದಾಟಿ ರಾಜಸ್ಥಾನಕ್ಕೆ, 2020ರ ಮೇನಲ್ಲಿ ಮಹಾರಾಷ್ಟ್ರದ ವಿದರ್ಭದವರೆಗೂ ಬಂತು.

ಮಲೆನಾಡಿಗೆ ಭಯವಿದೆಯೇ?

ಮರುಭೂಮಿ ಮಿಡತೆ ಮೊಟ್ಟೆಯಿಡಲು ಹುಡುಕುವುದು ತೇವವಿರುವ ಮರಳು ನೆಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡು, ತೋಟ ಅದರ ನೆಲೆಯಲ್ಲ. ಆದರೆ ಪಶ್ಚಿಮ ಘಟ್ಟಕ್ಕೆ ಮಿಡತೆ ದಂಡು ಹೊಸದೇನಲ್ಲ: 1901ರಿಂದ 1908ರವರೆಗೆ ಬೊಂಬಾಯಿ ಪ್ರಾಂತ್ಯವನ್ನು ಕಾಡಿದ್ದು 'ಬಾಂಬೆ ಲೋಕಸ್ಟ್' ಎಂಬ ಬೇರೆಯೇ ಜಾತಿ.

ಗುರುತಿಸುವುದು ಹೇಗೆ?

ಒಂದೇ ಜಾತಿಯ ಗಿಡಕ್ಕೆ ಅಂಟಿಕೊಂಡು, ಓಡಿಸಿದರೂ ದೂರ ಹೋಗದಿದ್ದರೆ ಅದು ಬಹುಶಃ ಸ್ಥಳೀಯ ಮಿಡತೆ. ಹಗಲಲ್ಲಿ ಮೋಡದಂತೆ ಒಂದೇ ದಿಕ್ಕಿಗೆ ಹಾರಿ, ಸಿಕ್ಕ ಹಸಿರನ್ನೆಲ್ಲ ತಿಂದರೆ ಅದು ದಂಡು. ಸಂಶಯವಿದ್ದರೆ ಫೋಟೋವನ್ನು ಗುಂಪಿಗೆ ಕಳಿಸುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ.

ನಮ್ಮ ತೀರ್ಮಾನ: ಎಕ್ಕದ ಗಿಡದ ಫೋಟೋ ತೋರಿಸಿ 'ಲೋಕಸ್ಟ್ ದಾಳಿ' ಎನ್ನುವುದು ತಪ್ಪು.