ಬಿಎಲ್‌ಇ ಸಂವೇದಕ ಬೀಕನ್: ಪ್ರಸಾರದ ಅಂತರವನ್ನು ಎಲ್ಲಿಯವರೆಗೆ ಹಿಗ್ಗಿಸಬಹುದು?

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯುವ ಶೀತಕಪೆಟ್ಟಿಗೆಯೊಳಗೆ ಒಂದು ಉಷ್ಣತಾ ಬೀಕನ್ ಇದೆ ಎಂದುಕೊಳ್ಳೋಣ. ಅದರ ಶಕ್ತಿಮೂಲ ಒಂದೇ ಒಂದು ಸಿಆರ್2032 ಕಾಯಿನ್ ಸೆಲ್. ಗೋಡೆಯ ವಿದ್ಯುತ್ತಿನಲ್ಲಿ ನಡೆಯುವ ಗೇಟ್‌ವೇ ಹೊರಗೆ ಕುಳಿತು ಸದಾ ಆಲಿಸುತ್ತಿರುತ್ತದೆ. ನಿಮಿಷಕ್ಕೊಂದು ಅಳತೆ ತಪ್ಪದೆ ಸಿಗಬೇಕು, ಸೆಲ್ ವರ್ಷಗಟ್ಟಲೆ ಬಾಳಬೇಕು. ಅಂತರವನ್ನು ಹಿಗ್ಗಿಸಿದಷ್ಟೂ ಆಯುಷ್ಯ ಹೆಚ್ಚುತ್ತದೆ ಎಂಬ ಸಾಮಾನ್ಯ ನಂಬಿಕೆ ಒಂದು ಮಿತಿಯವರೆಗೆ ಮಾತ್ರ ನಿಜ. ಆ ಮಿತಿಯನ್ನು ಲೆಕ್ಕ ಹಾಕಿ ತೋರಿಸುವುದು ಈ ಲೇಖನದ ಉದ್ದೇಶ.

ಬೀಕನ್ ತನ್ನ ಪ್ಯಾಕೆಟ್ಟನ್ನು 37, 38, 39 ಎಂಬ ಮೂರು ಚಾನೆಲ್‌ಗಳಲ್ಲಿ ಒಂದಾದ ಮೇಲೊಂದು ಕಳಿಸುತ್ತದೆ. 31 ಬೈಟ್ ಮಾಹಿತಿ ತುಂಬಿದ ಪ್ಯಾಕೆಟ್ಟಿನ ಒಟ್ಟು ಗಾತ್ರ 47 ಬೈಟ್. ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಪ್ರತಿ ಚಾನೆಲ್ಲಿಗೆ 376 ಮೈಕ್ರೊಸೆಕೆಂಡ್ ಬೇಕು. ಎನ್‌ಆರ್‌ಎಫ್52832ರಂಥ ಚಿಪ್ ಪ್ರಸಾರದ ವೇಳೆ ಸುಮಾರು 5.3 ಮಿಲಿಆಂಪಿಯರ್ ಎಳೆಯುತ್ತದೆ. ಎಚ್ಚರಗೊಳ್ಳುವ ಮತ್ತು ಚಾನೆಲ್ ಬದಲಿಸುವ ಹೊತ್ತನ್ನೂ ಸೇರಿಸಿ ಒಂದು ಪ್ರಸಾರಕ್ಕೆ 12 ಮೈಕ್ರೊಕೂಲಂಬ್ ಎಂದೂ, ಸಂವೇದಕ ಸಹಿತ ನಿದ್ರೆಯ ವೆಚ್ಚ 3 ಮೈಕ್ರೊಆಂಪಿಯರ್ ಎಂದೂ ಇಟ್ಟುಕೊಂಡಿದ್ದೇನೆ. ಎರಡು ಬೀಕನ್‌ಗಳು ಸತತವಾಗಿ ಡಿಕ್ಕಿಯಾಗದಂತೆ ಪ್ರತಿ ಅಂತರಕ್ಕೂ 0ಯಿಂದ 10 ಮಿಲಿಸೆಕೆಂಡ್‌ವರೆಗೆ ಯಾದೃಚ್ಛಿಕ ವಿಳಂಬ ಸೇರುತ್ತದೆ. ಅದರ ಸರಾಸರಿ 5 ಮಿಲಿಸೆಕೆಂಡ್. ಹೀಗಾಗಿ T ಸೆಕೆಂಡ್ ಅಂತರಕ್ಕೆ ಸರಾಸರಿ ಪ್ರವಾಹ, ಮೈಕ್ರೊಆಂಪಿಯರ್‌ಗಳಲ್ಲಿ:

```
I = 3 + 12 / (T + 0.005)
```

ಸೆಲ್‌ನಿಂದ 180 ಮಿಲಿಆಂಪಿಯರ್-ಗಂಟೆ ನಿಜಕ್ಕೂ ದಕ್ಕುತ್ತದೆ ಎಂದರೆ, 100 ಮಿಲಿಸೆಕೆಂಡ್ ಅಂತರದಲ್ಲಿ ಬೀಕನ್ ಬಾಳುವುದು ಎರಡು ತಿಂಗಳು ಮಾತ್ರ. 1 ಸೆಕೆಂಡಿಗೆ ಏರಿಸಿದರೆ ಒಂದು ವರ್ಷ ನಾಲ್ಕು ತಿಂಗಳು, 5 ಸೆಕೆಂಡಿಗೆ ಸುಮಾರು ಮೂರು ಮುಕ್ಕಾಲು ವರ್ಷ. ಆದರೆ 10 ಸೆಕೆಂಡಿಗೆ ಏರಿಸಿದಾಗ ಆಯುಷ್ಯ ಇಮ್ಮಡಿಯಾಗದೆ ಐದು ವರ್ಷದ ಹತ್ತಿರ ನಿಲ್ಲುತ್ತದೆ. ಕಾರಣ ಸ್ಪಷ್ಟ: ಅಂತರ 4 ಸೆಕೆಂಡ್ ಇದ್ದಾಗಲೇ ಪ್ರಸಾರದ ಖರ್ಚು ನಿದ್ರೆಯ ಖರ್ಚಿಗೆ ಸಮವಾಗಿರುತ್ತದೆ. ಅಲ್ಲಿಂದಾಚೆಗೆ ಉಳಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಕಳೆದುಕೊಳ್ಳುವುದು ಮಾತ್ರ ಬಹಳ ಇದೆ. ಲೋಹದ ಪೆಟ್ಟಿಗೆಯಿಂದಾಗಿ ಪ್ರತಿ ನೂರು ಪ್ರಸಾರಗಳಲ್ಲಿ ಎಪ್ಪತ್ತು ಗೇಟ್‌ವೇಗೆ ತಲುಪುವುದಿಲ್ಲ ಎಂದುಕೊಳ್ಳಿ. ಒಂದರ ನಷ್ಟಕ್ಕೂ ಇನ್ನೊಂದರ ನಷ್ಟಕ್ಕೂ ಸಂಬಂಧವಿಲ್ಲವೆಂದೂ ಭಾವಿಸೋಣ. 5 ಸೆಕೆಂಡ್ ಅಂತರದಲ್ಲಿ ನಿಮಿಷಕ್ಕೆ ಹನ್ನೆರಡು ಅವಕಾಶ. ಹನ್ನೆರಡೂ ತಪ್ಪುವ ಸಂಭವ ಶೇ. 1.4, ಅಂದರೆ ದಿನಕ್ಕೆ ಸುಮಾರು 20 ನಿಮಿಷಗಳ ಅಳತೆ ಖಾಲಿ. 10 ಸೆಕೆಂಡಿನಲ್ಲಿ ಅವಕಾಶ ಆರೇ. ಖಾಲಿ ನಿಮಿಷಗಳು 169ಕ್ಕೆ ಏರುತ್ತವೆ. ಲಸಿಕೆಯ ದಾಖಲೆಯಲ್ಲಿ ಇಷ್ಟು ದೊಡ್ಡ ಕಂದಕವನ್ನು ನಾನು ಒಪ್ಪಲಾರೆ.

ಪ್ರಸಾರದ ಬದಲು ಸಂಪರ್ಕ ಬೆಳೆಸಿದರೆ? ಸಂಪರ್ಕದಲ್ಲಿ ಪ್ರತಿ ಭೇಟಿಗೆ ಒಂದೇ ಚಾನೆಲ್ ಸಾಕು. ಖಾಲಿ ಭೇಟಿಗೆ 7 ಮೈಕ್ರೊಕೂಲಂಬ್ ಎಂದು ಹಿಡಿದರೆ ಅದು ಪ್ರಸಾರಕ್ಕಿಂತ ಅಗ್ಗ. ತೊಡಕಿರುವುದು ಅಧಿಕಾರದಲ್ಲಿ. ಕನೆಕ್ಷನ್ ಅಂತರ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡ್‌ವರೆಗೆ ಎಷ್ಟಾದರೂ ಇರಬಹುದು, ಆದರೆ ಅದನ್ನು ನಿರ್ಧರಿಸುವುದು ಗೇಟ್‌ವೇ ಅಥವಾ ಫೋನು. ಬೀಕನ್ ಕೋರಬಹುದು, ಅಷ್ಟೆ. ಎದುರಿನವರು 30 ಮಿಲಿಸೆಕೆಂಡ್ ಗೊತ್ತುಮಾಡಿದರೆ ಸೆಲ್ ಒಂದು ತಿಂಗಳಲ್ಲಿ ಮುಗಿಯುತ್ತದೆ. ಹೇಳಲು ಹೊಸದಿಲ್ಲದಾಗ ಭೇಟಿಗಳನ್ನು ತಪ್ಪಿಸಲು ಬೀಕನ್‌ಗೆ ಅನುಮತಿ ಸಿಕ್ಕರೆ ಪರಿಸ್ಥಿತಿ ಸುಧಾರಿಸುತ್ತದೆ. ಆದರೂ ಗಡಿಯಾರದ ಪ್ರಶ್ನೆ ಉಳಿಯುತ್ತದೆ. ಭೇಟಿಯ ಕ್ಷಣ ತಪ್ಪಬಾರದೆಂದು ಬೀಕನ್ ತುಸು ಮುಂಚೆಯೇ ರಿಸೀವರ್ ತೆರೆಯಬೇಕು. ಎರಡೂ ಕಡೆ ದಶಲಕ್ಷಕ್ಕೆ 50 ಭಾಗದಷ್ಟು ದೋಷವಿರುವ ಕ್ರಿಸ್ಟಲ್ ಇದ್ದರೆ 4 ಸೆಕೆಂಡಿಗೆ 0.4 ಮಿಲಿಸೆಕೆಂಡ್ ಮುಂಚೆ ತೆರೆದರೆ ಸಾಕು. ಹಣ ಉಳಿಸಲು ಬೀಕನ್‌ನಲ್ಲಿ ಕ್ರಿಸ್ಟಲ್ ಬಿಟ್ಟು, 500 ಭಾಗದ ದೋಷವಿರುವ ಆರ್‌ಸಿ ಗಡಿಯಾರ ಬಳಸಿದರೆ ಅದು 2.2 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಕಾಯುವುದಕ್ಕೇ ಸುಮಾರು 12 ಮೈಕ್ರೊಕೂಲಂಬ್ ಹೋಗುತ್ತದೆ. ಕೇವಲ ಪ್ರಸಾರ ಮಾಡುವ ಬೀಕನ್‌ಗೆ ಈ ಚಿಂತೆಯಿಲ್ಲ. ಆದ್ದರಿಂದ ದಿನನಿತ್ಯದ ಅಳತೆಗೆ 5 ಸೆಕೆಂಡಿನ ಪ್ರಸಾರ, ಹಳೆಯ ದಾಖಲೆಯನ್ನು ಒಟ್ಟಿಗೆ ಇಳಿಸಿಕೊಳ್ಳುವಾಗ ಮಾತ್ರ ತಾತ್ಕಾಲಿಕ ಸಂಪರ್ಕ: ಇದು ನನ್ನ ಆಯ್ಕೆ.

ಸರಾಸರಿ ಪ್ರವಾಹದ ಈ ಲೆಕ್ಕ ಸರಿಯಿದ್ದರೂ ಶೀತದಲ್ಲಿ ಬೀಕನ್ ಬೇಗ ಸಾಯಬಹುದು. ಸೆಲ್ ಹಳತಾದಂತೆ, ತಣ್ಣಗಾದಂತೆ, ಅದರ ಒಳರೋಧ ಏರುತ್ತದೆ. ರೋಧ 100 ಓಮ್ ಮುಟ್ಟಿ, 8 ಮಿಲಿಆಂಪಿಯರ್ ಒಮ್ಮೆಲೇ ಎಳೆದರೆ 0.8 ವೋಲ್ಟ್ ಕುಸಿಯುತ್ತದೆ. 2.5 ವೋಲ್ಟ್ ಇದ್ದದ್ದು 1.7ಕ್ಕೆ ಬಂದು ಚಿಪ್ ಮರುಪ್ರಾರಂಭವಾಗುತ್ತದೆ. ಸೆಲ್ ಹೊರತೆಗೆದು ಮೀಟರಿನಲ್ಲಿ ನೋಡಿದರೆ ದೋಷ ಕಾಣುವುದಿಲ್ಲ. ಅದಕ್ಕೇ ಪ್ಯಾಕೆಟ್ಟಿನೊಳಗೆ ಎಣಿಕೆ ಸಂಖ್ಯೆಯೊಂದು ಇರಬೇಕು. ಅದು ನಡುವೆ ಸೊನ್ನೆಗೆ ಮರಳಿದರೆ ಕಾರಣ ರೇಡಿಯೊ ನಷ್ಟವಲ್ಲ, ಮರುಪ್ರಾರಂಭ. ಸೆಲ್‌ಗೆ ಸಮಾಂತರವಾಗಿ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ, ಒಂದು ಪ್ರಸಾರದ 12 ಮೈಕ್ರೊಕೂಲಂಬ್ ಪೂರ್ತಿ ಅದರಿಂದಲೇ ಬಂದರೂ ಕುಸಿತ 0.12 ವೋಲ್ಟ್ ಮಾತ್ರ. ಆದರೆ ಅದು ಸೋರಿಕೆ ಕಡಿಮೆಯಿರುವ ಸೆರಾಮಿಕ್ ಬಗೆಯದಾಗಿರಬೇಕು. ಕೆಲವು ಮೈಕ್ರೊಆಂಪಿಯರ್ ಸೋರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿದರೆ, ನಿದ್ರೆಯ 3 ಮೈಕ್ರೊಆಂಪಿಯರ್ ಇಮ್ಮಡಿಯಾಗಿ, ಅಂತರ ಹಿಗ್ಗಿಸಿ ಗಳಿಸಿದ ವರ್ಷಗಳಲ್ಲಿ ದೊಡ್ಡ ಪಾಲು ಆ ಸೋರಿಕೆಗೇ ಹೋಗುತ್ತದೆ.