ಮೆಂತ್ಯದ ಪ್ರಮಾಣ ಮತ್ತು ರಕ್ತದ ಸಕ್ಕರೆ: ಎರಡು ಪ್ರಯೋಗಗಳ ಮರುಓದು

ಮೆಂತ್ಯ ರಕ್ತದ ಸಕ್ಕರೆಯನ್ನು ಇಳಿಸುತ್ತದೆ ಎನ್ನುವವರು ಹೆಚ್ಚಾಗಿ ಉಲ್ಲೇಖಿಸುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗವನ್ನು. ಆರ್.ಡಿ. ಶರ್ಮ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಇನ್ಸುಲಿನ್ ಅವಲಂಬಿತ ಮಧುಮೇಹಿಗಳಿಗೆ ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿಯನ್ನು ಎರಡು ಊಟಗಳಿಗೆ ಹಂಚಿ, 10 ದಿನ ಕೊಟ್ಟರು. ಖಾಲಿ ಹೊಟ್ಟೆಯ ಸಕ್ಕರೆ ಇಳಿಯಿತು. ದಿನವಿಡೀ ಮೂತ್ರದಲ್ಲಿ ಹೋಗುವ ಗ್ಲೂಕೋಸ್ ಶೇ. 54ರಷ್ಟು ತಗ್ಗಿತು. ನೂರು ಗ್ರಾಂ ಎಂದರೆ ಸುಮಾರು 25 ಟೀ ಚಮಚ. ಅದೂ ಎಣ್ಣೆಯಂಶ ತೆಗೆದ ಪುಡಿ, ನಮ್ಮ ಡಬ್ಬಿಯ ಮೆಂತ್ಯವಲ್ಲ.

ಇಳಿಕೆಯ ಮುಖ್ಯ ಕಾರಣ ಮೆಂತ್ಯದ ನಾರು. ಕಾಳಿನ ಅರ್ಧದಷ್ಟು ನಾರೇ. ಅದರ ಕರಗುವ ಭಾಗವಾದ ಗ್ಯಾಲಕ್ಟೊಮನ್ನಾನ್ ನೀರು ಹೀರಿ ಲೋಳೆಯಾಗುತ್ತದೆ. ಪುಡಿಯನ್ನು ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಗಂಜಿಯಂತೆ ಗಟ್ಟಿಯಾಗುವುದು ಕಣ್ಣಿಗೇ ಕಾಣುತ್ತದೆ. ಹೊಟ್ಟೆಯಲ್ಲಿ ಈ ಲೋಳೆ ಅನ್ನ, ರೊಟ್ಟಿಯ ಗ್ಲೂಕೋಸ್ ರಕ್ತ ಸೇರುವುದನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಊಟದ ಜೊತೆಗಿದ್ದರೇ ಅದರ ಕೆಲಸ ಹೆಚ್ಚು. ಬೆಳಿಗ್ಗೆ ಅಗಿಯದೆ ನುಂಗಿದ ಇಡೀ ಕಾಳು ಅಷ್ಟು ಲೋಳೆ ಬಿಡುವುದಿಲ್ಲ. ನಾರಲ್ಲದೆ, ಮೆಂತ್ಯದಲ್ಲಿರುವ 4-ಹೈಡ್ರಾಕ್ಸಿಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಇನ್ಸುಲಿನ್ ಸ್ರಾವವನ್ನು ಪ್ರಚೋದಿಸುತ್ತದೆ ಎಂದು ಪ್ರಾಣಿ ಪ್ರಯೋಗಗಳು ತೋರಿಸಿವೆ.

ಸುರಕ್ಷತೆಯ ವಿಷಯಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ 1999ರಲ್ಲಿ ಪ್ರಕಟಿಸಿದ ಅಧ್ಯಯನವೇ ದೊಡ್ಡ ಆಸರೆ. ಇಲಿಗಳ ಆಹಾರದಲ್ಲಿ ಶೇ. 10ರವರೆಗೆ ಮೆಂತ್ಯದ ಪುಡಿ ಬೆರೆಸಿ 90 ದಿನ ತಿನ್ನಿಸಿದರೂ ವಿಷಲಕ್ಷಣ ಕಾಣಲಿಲ್ಲ. ಆದರೆ ಅದು ಕಹಿ ತೆಗೆದ ಪುಡಿ. ಹೀಗೆ ಎರಡೂ ಪ್ರಯೋಗಗಳು ಅಡುಗೆಮನೆಯ ಹಸಿ ಮೆಂತ್ಯದ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಅವುಗಳಿಂದ ‘ಎಷ್ಟು ತಿಂದರೂ ಅಪಾಯವಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಅವಸರವೆಂದೇ ನನ್ನ ಅಭಿಪ್ರಾಯ.

ಹೆಚ್ಚು ತಿಂದವರಿಗೆ ಮೊದಲು ತಿಳಿಯುವುದು ಹೊಟ್ಟೆಯುಬ್ಬರ, ಭೇದಿ. ಬೆವರು, ಮೂತ್ರಕ್ಕೆ ಸಿಹಿ ವಾಸನೆ ಬರುವುದೂ ಉಂಟು; ಅದಕ್ಕೆ ಕಾರಣ ಸೊಟೊಲೋನ್, ಅದು ನಿರಪಾಯ. ಕಡಲೆ, ಶೇಂಗಾ ಅಲರ್ಜಿ ಇರುವವರಿಗೆ ಮೆಂತ್ಯವೂ ಒಗ್ಗದಿರಬಹುದು.

ನಿಜವಾದ ಅಪಾಯ ಮಾತ್ರೆಯೊಂದಿಗೆ ಸೇರಿದಾಗ. ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಒಬ್ಬರನ್ನು ಊಹಿಸಿಕೊಳ್ಳಿ. ಮಾತ್ರೆ ಇನ್ಸುಲಿನ್ ಹೊರಡಿಸುತ್ತದೆ. 25 ಗ್ರಾಂ ಮೆಂತ್ಯ ಊಟದ ಗ್ಲೂಕೋಸ್ ಬರುವುದನ್ನು ತಡಮಾಡುತ್ತದೆ. ಊಟವೂ ಕಡಿಮೆಯಾದ ದಿನ ಕೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಆಗ ಬೇಕಾದದ್ದು ಕೂಡಲೇ 15 ಗ್ರಾಂ ಗ್ಲೂಕೋಸ್, 15 ನಿಮಿಷಕ್ಕೆ ಮರುಪರೀಕ್ಷೆ. ವಾರ್ಫರಿನ್ ಸೇವಿಸುವವರೂ ವೈದ್ಯರಿಗೆ ತಿಳಿಸದೆ ಪ್ರಮಾಣ ಏರಿಸಬಾರದು. ಗರ್ಭಿಣಿಯರು ಅಡುಗೆಯ ಪ್ರಮಾಣವನ್ನು ದಾಟದಿರಲಿ.

ಒಗ್ಗರಣೆ, ದೋಸೆಹಿಟ್ಟಿಗೆ ಹಾಕುವ ಮೆಂತ್ಯಕ್ಕೆ, ಅಲರ್ಜಿಯೊಂದನ್ನು ಬಿಟ್ಟರೆ, ಈ ಯಾವ ಎಚ್ಚರವೂ ಅನ್ವಯಿಸುವುದಿಲ್ಲ. ಮಾತ್ರೆ ನುಂಗುತ್ತಾ ದಿನಕ್ಕೆ 25 ಗ್ರಾಂ ತಲುಪಿದವರು ಮಾತ್ರ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುತ್ತಾ, ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.